ನೀರಿನ ಫೇಸ್ ಡಯಾಗ್ರಾಂ ಓದೋದು ಹೇಗೆ? ಐಸ್, ನೀರು, ಆವಿ ಎಲ್ಲೆಲ್ಲಿರತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಸ್ಟ್ ಪಿಯುಸಿ ಫಿಸಿಕ್ಸ್‌ನಲ್ಲಿ ಈ ಚಿತ್ರ ಬರತ್ತೆ, ಮೂರು ಗೆರೆ ಮೂರು ಜಾಗ ಅಂತ ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗಿಬಿಡ್ತಾರೆ. ಆಮೇಲೆ ಯಾರಾದ್ರೂ "25 ಡಿಗ್ರೀಲಿ ಇದು ನೀರು ಅಂತ ತೋರಿಸ್ತಿದೆ, ಹಾಗಾದ್ರೆ ತಂತಿ ಮೇಲಿನ ಬಟ್ಟೆ ಹೇಗೆ ಒಣಗತ್ತೆ" ಅಂತ ಕೇಳಿದ್ರೆ ಉತ್ತರ ಹೊಳೆಯಲ್ಲ. ನನ್ನ ಪ್ರಕಾರ ಈ ಚಿತ್ರದ ಗೊಂದಲ ಹೆಚ್ಚಾಗಿ ಬರೋದು ಒಂದೇ ಕಡೆಯಿಂದ, ಪ್ರೆಶರ್ ಅಕ್ಷದಲ್ಲಿ *ಯಾವ* ಪ್ರೆಶರ್ ಹಾಕಬೇಕು ಅನ್ನೋ ಕಡೆಯಿಂದ. ಅದಕ್ಕೇ ಕೆಳಗೆ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೀನಿ. ಟೆಂಪರೇಚರ್ ಎಲ್ಲ ಸೆಲ್ಸಿಯಸ್‌ನಲ್ಲಿದೆ.

ಚಿತ್ರ ಮುಂದಿದೆ, ಎಲ್ಲಿಂದ ಓದೋಕೆ ಶುರು ಮಾಡ್ಲಿ?

ಮೊದಲು ಅಕ್ಷಗಳನ್ನ ನೋಡಿ. ಅಡ್ಡಕ್ಕೆ ಟೆಂಪರೇಚರ್, ಬಲಕ್ಕೆ ಹೋದಷ್ಟೂ ಬಿಸಿ. ಉದ್ದಕ್ಕೆ ಪ್ರೆಶರ್, ಮೇಲೆ ಹೋದಷ್ಟೂ ಜಾಸ್ತಿ ಒತ್ತಡ. ನಿಮ್ಮ ಹತ್ರ ಇರೋ ನೀರಿನ ಟೆಂಪರೇಚರ್ ಒಂದು, ಪ್ರೆಶರ್ ಒಂದು, ಎರಡೂ ಸೇರಿ ಚಿತ್ರದಲ್ಲಿ ಒಂದೇ ಒಂದು ಚುಕ್ಕೆ ಆಗತ್ತೆ, ಆ ಚುಕ್ಕೆ ಯಾವ ಜಾಗದಲ್ಲಿ ಬಿತ್ತು ಅನ್ನೋದೇ ಉತ್ತರ. ಎಡಗಡೆ ಮೇಲೆ ಐಸ್, ನಡುವೆ ಮೇಲೆ ನೀರು, ಕೆಳಗೆ ಮತ್ತೆ ಬಲಗಡೆ ಆವಿ.

ಆಮೇಲೆ ಸ್ಕೇಲ್ ನೋಡಿ, ಇದನ್ನ ಯಾರೂ ನೋಡಲ್ಲ. ಪುಸ್ತಕದ ಚಿತ್ರ ಹೆಚ್ಚಾಗಿ ಅಳತೆಗೆ ಸರಿಯಾಗಿ ಬರೆದಿರಲ್ಲ, ಬರೆಯೋಕೂ ಆಗಲ್ಲ. ಯಾಕಂದ್ರೆ ಮೂರು ಗೆರೆಗಳೂ ಸೇರೋ ಟ್ರಿಪಲ್ ಪಾಯಿಂಟ್ ಇರೋದು 0.61 ಕಿಲೋಪಾಸ್ಕಲ್‌ನಲ್ಲಿ, ನಮ್ಮ ವಾತಾವರಣದ ಒತ್ತಡ ಸಮುದ್ರ ಮಟ್ಟದಲ್ಲಿ 101 ಕಿಲೋಪಾಸ್ಕಲ್, ನೀರು ಮತ್ತು ಆವಿ ಮಧ್ಯದ ಗೆರೆ ಮುಗಿಯೋ ಕ್ರಿಟಿಕಲ್ ಪಾಯಿಂಟ್ 22,000 ಕಿಲೋಪಾಸ್ಕಲ್ ದಾಟಿ. ಮೂರನ್ನೂ ಒಂದೇ ಹಾಳೆಯಲ್ಲಿ ಸಮ ಅಳತೆಯಲ್ಲಿ ಹಾಕಿದ್ರೆ ಮೊದಲ ಎರಡೂ ತಳದ ಗೆರೆಗೆ ಅಂಟಿಕೊಂಡುಬಿಡತ್ತೆ. ಅದಕ್ಕೆ ಒಳ್ಳೆ ಚಿತ್ರಗಳಲ್ಲಿ ಪ್ರೆಶರ್ ಅಕ್ಷ ಲಾಗ್ ಸ್ಕೇಲ್ ಇರತ್ತೆ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಅಂಥದ್ರಲ್ಲಿ 1 ಮತ್ತು 10ರ ನಡುವೆ ಸರಿಯಾಗಿ ಮಧ್ಯದ ಬೆಲೆ 5.5 ಅಲ್ಲ, ಸುಮಾರು 3.2, ಕಣ್ಣಳತೆಯಲ್ಲಿ ಓದೋವಾಗ ಇದು ನೆನಪಿರಲಿ.

ಮೂರು ಗೆರೆಗಳು ಏನು ಹೇಳ್ತವೆ? ಚುಕ್ಕೆ ಗೆರೆ ಮೇಲೇ ಬಿದ್ರೆ?

ಐಸ್ ಮತ್ತು ಆವಿ ಮಧ್ಯದ್ದು ಸಬ್ಲಿಮೇಶನ್ ಗೆರೆ, ಐಸ್ ಮತ್ತು ನೀರಿನ ಮಧ್ಯದ್ದು ಕರಗೋ ಗೆರೆ, ನೀರು ಮತ್ತು ಆವಿ ಮಧ್ಯದ್ದು ಕುದಿಯೋ ಗೆರೆ. ಗೆರೆ ಮೇಲೆ ಚುಕ್ಕೆ ಇದೆ ಅಂದ್ರೆ ಎರಡೂ ಕಡೆಯ ರೂಪಗಳು ಒಟ್ಟಿಗೆ ಇರಬಹುದು ಅಂತ. ಯಾವ್ದು ಎಷ್ಟು ಪಾಲು ಇದೆ ಅಂತ ಚಿತ್ರ ಹೇಳಲ್ಲ, ಅದು ನೀವು ಎಷ್ಟು ಶಾಖ ಕೊಟ್ಟಿದ್ದೀರಿ ಅನ್ನೋದರ ಮೇಲೆ ಹೋಗತ್ತೆ. ಒಂದು ಪಾತ್ರೇಲಿ ಮುಕ್ಕಾಲು ಐಸ್ ಇದ್ರೂ, ಇನ್ನೊಂದರಲ್ಲಿ ಒಂದು ಚೂರು ಐಸ್ ತೇಲ್ತಾ ಇದ್ರೂ ಎರಡೂ ಅದೇ 0 ಡಿಗ್ರಿ ಚುಕ್ಕೇನೇ.

ಒಂದು ಉದಾಹರಣೆ ತಗೊಂಡು ನಡೆಸಿ ತೋರಿಸ್ತೀರಾ?

ಪಿಸ್ಟನ್ ಇರೋ ಒಂದು ಮುಚ್ಚಿದ ಸಿಲಿಂಡರ್ ಅಂದ್ಕೊಳ್ಳಿ, ಒಳಗೆ ಬರೀ ನೀರಿನ ಅಣುಗಳು, ಗಾಳಿ ಒಂಚೂರೂ ಇಲ್ಲ. ಈ "ಗಾಳಿ ಇಲ್ಲ" ಅನ್ನೋದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಮುಂದೆ ಬೇಕಾಗತ್ತೆ.

ಪಿಸ್ಟನ್ ಮೇಲೆ 101 ಕಿಲೋಪಾಸ್ಕಲ್ ಒತ್ತಡ ಇಟ್ಟು -20 ಡಿಗ್ರಿಯಿಂದ ಬಿಸಿ ಮಾಡ್ತಾ ಹೋಗಿ. ಪ್ರೆಶರ್ ಬದಲಾಗಲ್ಲ, ಹಾಗಾಗಿ ಚುಕ್ಕೆ ಅಡ್ಡಡ್ಡ ಬಲಕ್ಕೆ ಸರಿಯತ್ತೆ. ಶುರುವಲ್ಲಿ ಐಸ್ ಜಾಗದಲ್ಲಿದೆ. 0 ಡಿಗ್ರಿಗೆ ಕರಗೋ ಗೆರೆ ಮುಟ್ಟತ್ತೆ, ಅಲ್ಲಿ ಪೂರ್ತಿ ಐಸ್ ಕರಗೋವರೆಗೂ ನಿಂತಿರತ್ತೆ, ಆಮೇಲೆ ನೀರಿನ ಜಾಗಕ್ಕೆ ದಾಟಿ 100 ಡಿಗ್ರಿಗೆ ಕುದಿಯೋ ಗೆರೆ ಮುಟ್ಟತ್ತೆ, ಅಲ್ಲೂ ಎಲ್ಲ ನೀರು ಆವಿಯಾಗೋವರೆಗೆ ನಿಂತು ಆಮೇಲೆ ಆವಿ ಜಾಗಕ್ಕೆ ಹೋಗತ್ತೆ.

ಈಗ ಅದೇ ಕೆಲಸ 300 ಪಾಸ್ಕಲ್‌ನಲ್ಲಿ ಮಾಡಿ, ಅಂದ್ರೆ ವಾತಾವರಣದ ಒತ್ತಡದ ಮುನ್ನೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. -20ರಲ್ಲಿ ಐಸೇ ಇದೆ. ಬಲಕ್ಕೆ ಸರಿದಾಗ ಸುಮಾರು -8 ಡಿಗ್ರಿಗೆ ಸಬ್ಲಿಮೇಶನ್ ಗೆರೆ ಸಿಗತ್ತೆ, ಐಸ್ ನೇರ ಆವಿ ಆಗತ್ತೆ, ಅಷ್ಟೇ. 50 ಡಿಗ್ರಿಗೆ ಹೋಗಿ, 100ಕ್ಕೆ ಹೋಗಿ, ಆವಿನೇ. ದಾರಿಯಲ್ಲಿ ನೀರಿನ ಜಾಗ ಸಿಗೋದೇ ಇಲ್ಲ, ಯಾಕಂದ್ರೆ ನೀರಿನ ಜಾಗದ ತಳ 611 ಪಾಸ್ಕಲ್‌ನಲ್ಲಿದೆ, ಅದರ ಕೆಳಗೆ ಯಾವ ಟೆಂಪರೇಚರ್‌ನಲ್ಲೂ ದ್ರವ ನೀರು ಸ್ಥಿರವಾಗಿ ಇರಲ್ಲ.

ಟ್ರಿಪಲ್ ಪಾಯಿಂಟ್ 0 ಡಿಗ್ರಿ ಅಲ್ಲ, 0.01 ಡಿಗ್ರಿ ಯಾಕೆ?

ಆ ತಳದ ಚುಕ್ಕೆನೇ ಟ್ರಿಪಲ್ ಪಾಯಿಂಟ್: 0.01 ಡಿಗ್ರಿ, ಸುಮಾರು 611.7 ಪಾಸ್ಕಲ್, ಮೂರೂ ರೂಪ ಒಟ್ಟಿಗೆ. ನಾವು 0 ಡಿಗ್ರಿ ಅಂತ ಕರೆಯೋದು ವಾತಾವರಣದ ಒತ್ತಡದಲ್ಲಿ, ಗಾಳಿ ಕರಗಿರೋ ನೀರಿನಲ್ಲಿ ಐಸ್ ಕರಗೋ ಬಿಂದು. ಒತ್ತಡ 611 ಪಾಸ್ಕಲ್‌ನಿಂದ 101 ಕಿಲೋಪಾಸ್ಕಲ್‌ಗೆ ಏರಿದ್ದಕ್ಕೆ ಕರಗೋ ಬಿಂದು ಸುಮಾರು 0.0075 ಡಿಗ್ರಿ ಇಳಿಯತ್ತೆ, ಕರಗಿದ ಗಾಳಿಯಿಂದ ಇನ್ನೊಂದು 0.0024ರಷ್ಟು ಇಳಿಯತ್ತೆ, ಎರಡೂ ಸೇರಿ ಹತ್ತಿರ ಹತ್ತಿರ 0.01. ಟ್ರಿಪಲ್ ಪಾಯಿಂಟ್‌ನಲ್ಲಿ ಒತ್ತಡ ನೀವು ಆರಿಸೋದಲ್ಲ, ಅದು ತಾನೇ ನಿಲ್ಲತ್ತೆ, ಹವಾಮಾನ ಬದಲಾದ್ರೂ ಊರು ಬದಲಾದ್ರೂ ಅದೇ. ಈ ಕಾರಣಕ್ಕೇ 1954ರಿಂದ 2019ರವರೆಗೆ ಕೆಲ್ವಿನ್ ಅಳತೆಯನ್ನ ಇದೇ ಬಿಂದುವಿಗೆ ಕಟ್ಟಿ ಇಟ್ಟಿದ್ರು, 273.16 ಕೆಲ್ವಿನ್ ಅಂತ.

ಬೆಂಗಳೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯತ್ತೆ? ಕುಕ್ಕರ್ ಒಳಗೆ?

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಸ್ವಲ್ಪ ಮೇಲೆ, ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಆ ಎತ್ತರದಲ್ಲಿ ಅಡ್ಡ ಗೆರೆ ಎಳೆದ್ರೆ ಕುದಿಯೋ ಗೆರೆ ಸುಮಾರು 97 ಡಿಗ್ರಿಗೆ ಸಿಗತ್ತೆ. ಮಂಗಳೂರಲ್ಲಿ 100. ಲೇಹ್‌ನಲ್ಲಿ, 3500 ಮೀಟರ್ ಮೇಲೆ, ಸುಮಾರು 88.

ಕುಕ್ಕರ್ ಲೆಕ್ಕದಲ್ಲಿ ಒಂದು ಕಡೆ ಎಡವೋದು ತುಂಬಾ ಸಾಮಾನ್ಯ. ಮನೆ ಕುಕ್ಕರ್‌ನ ವೆಯ್ಟ್ ಸಾಮಾನ್ಯವಾಗಿ ಪ್ರತಿ ಚದರ ಸೆಂಟಿಮೀಟರ್‌ಗೆ 1 ಕೆಜಿ ಅಂತ ಇರತ್ತೆ, ಅಂದ್ರೆ ಸುಮಾರು 98 ಕಿಲೋಪಾಸ್ಕಲ್. ಅದನ್ನ ಹಾಗೇ ಚಿತ್ರದಲ್ಲಿ ಹಾಕಿದ್ರೆ 99 ಡಿಗ್ರಿ ಬರತ್ತೆ, ಅಂದ್ರೆ ಕುಕ್ಕರ್ ಇಟ್ಟು ಏನೂ ಪ್ರಯೋಜನ ಇಲ್ಲ ಅಂತ ಆಯ್ತು! ಯಾಕೆ ಹೀಗೆ ಬಂತು ಅಂದ್ರೆ ಅದು ಹೊರಗಿನ ಗಾಳಿಗಿಂತ *ಎಷ್ಟು ಜಾಸ್ತಿ* ಅನ್ನೋ ಅಂಕಿ, ಚಿತ್ರಕ್ಕೆ ಬೇಕಾಗಿರೋದು ಒಟ್ಟು ಒತ್ತಡ. ಪ್ರೆಶರ್ ಗೇಜ್ ತೋರ್ಸೋ ಅಂಕಿಗೂ ಇದೇ ಮಾತು, ಗಾಳಿಯ ಒತ್ತಡ ಕೂಡಿಸಿಕೊಂಡೇ ಚಿತ್ರಕ್ಕೆ ಬನ್ನಿ. ಮಂಗಳೂರಲ್ಲಿ 101 ಮತ್ತು 98 ಸೇರಿ 199 ಕಿಲೋಪಾಸ್ಕಲ್, ಗೆರೆ 120 ಡಿಗ್ರಿಗೆ ಸಿಗತ್ತೆ, ಬೆಂಗಳೂರಲ್ಲಿ 91 ಮತ್ತು 98 ಸೇರಿ 189, ಅಲ್ಲಿ 118ರ ಮೇಲೆ ಸ್ವಲ್ಪ.

ಇಲ್ಲಿ ಇನ್ನೊಂದು ವಿಷ್ಯ ಇದೆ. ಆವಿ ಜೋರಾಗಿ ಬಂದಮೇಲೆ ವೆಯ್ಟ್ ಇಡಿ ಅಂತ ಹೇಳ್ತಾರಲ್ಲ, ಅದು ಒಳಗಿನ ಗಾಳಿ ಹೊರಗೆ ಹೋಗ್ಲಿ ಅಂತ. ಗಾಳಿ ಒಳಗೇ ಉಳಿದ್ರೆ ವೆಯ್ಟ್ ಎತ್ತೋ ಒತ್ತಡದಲ್ಲಿ ಅದೂ ಪಾಲು ತಗೊಳ್ಳತ್ತೆ. 199ರಲ್ಲಿ 40 ಗಾಳಿಯದು ಅಂದುಕೊಳ್ಳಿ, ಆವಿಗೆ ಉಳಿದಿದ್ದು 159, ಅದಕ್ಕೆ ಚಿತ್ರದಲ್ಲಿ ಸಿಗೋದು 113 ಡಿಗ್ರಿ ಮಾತ್ರ. ವೆಯ್ಟ್ ಎದ್ದಿದೆ, ವಿಷಲ್ ಆಗಿದೆ, ಆದ್ರೂ ಒಳಗೆ ಏಳು ಡಿಗ್ರಿ ಕಡಿಮೆ.

ಮತ್ತೆ ಆ ಬಟ್ಟೆ ಪ್ರಶ್ನೆ: 25 ಡಿಗ್ರಿ, 101 ಕಿಲೋಪಾಸ್ಕಲ್ ಅಂದ್ರೆ ಚುಕ್ಕೆ ನೀರಿನ ಜಾಗದಲ್ಲಿದೆ. ಹಾಗಾದ್ರೆ ಗಾಳಿಯಲ್ಲಿ ನೀರಾವಿ ಹೇಗಿರತ್ತೆ, ಬಟ್ಟೆ ಹೇಗೆ ಒಣಗತ್ತೆ?

ಇದೇ ನನಗೆ ಅತಿ ಮುಖ್ಯ ಅನ್ಸೋ ಪ್ರಶ್ನೆ. ಚಿತ್ರ ಬರೆದಿರೋದು ಬರೀ ನೀರಿಗೆ. ಮೇಲಿನ ಸಿಲಿಂಡರ್‌ನಲ್ಲಿ ಗಾಳಿ ಇಲ್ಲ ಅಂತ ಹೇಳಿದ್ದು ಇದಕ್ಕೇ, ಅಲ್ಲಿ ಒತ್ತಡ ಅಂದ್ರೆ ನೀರಿನ ಮೇಲಿರೋ ಒತ್ತಡ, ಅದೇ ಆವಿಯ ಒತ್ತಡ, ಎರಡು ಬೇರೆ ಇಲ್ಲ. ಬಯಲಲ್ಲಿ ಹಾಗಲ್ಲ. ಬಯಲಿನ 101 ಕಿಲೋಪಾಸ್ಕಲ್‌ನಲ್ಲಿ ಹೆಚ್ಚು ಪಾಲು ನೈಟ್ರೋಜನ್ ಆಕ್ಸಿಜನ್‌ದು, ನೀರಾವಿದು ಒಂದೆರಡು ಮೂರು ಕಿಲೋಪಾಸ್ಕಲ್ ಅಷ್ಟೇ.

ಲೆಕ್ಕ ಹಾಕಿ ನೋಡೋಣ. 25 ಡಿಗ್ರಿಗೆ ಕುದಿಯೋ ಗೆರೆಯ ಎತ್ತರ 3.17 ಕಿಲೋಪಾಸ್ಕಲ್. ಗಾಳಿಯ ತೇವಾಂಶ ಶೇಕಡ 60 ಅಂದ್ರೆ ಆವಿಯ ಪಾಲಿನ ಒತ್ತಡ ಆ 3.17ರ ಶೇಕಡ 60, ಅಂದ್ರೆ 1.9 ಕಿಲೋಪಾಸ್ಕಲ್. ಗಾಳಿಯಲ್ಲಿರೋ ನೀರಿಗೆ ಚುಕ್ಕೆ ಹಾಕ್ಬೇಕಾಗಿರೋದು 25 ಡಿಗ್ರಿ, 1.9ರಲ್ಲಿ. ಅದು ಗೆರೆಯ ಕೆಳಗೆ, ಆವಿ ಜಾಗದಲ್ಲಿ ಸರಿಯಾಗಿ ಕೂತಿದೆ. ಬಟ್ಟೆಯಲ್ಲಿರೋ ನೀರು ತನ್ನ ಸುತ್ತ 3.17 ಬರೋವರೆಗೂ ಆವಿ ಬಿಡ್ತಾನೇ ಇರತ್ತೆ, ಸುತ್ತ ಇರೋದು 1.9 ಮಾತ್ರ, ಗಾಳಿ ಬೀಸಿ ಆಗಷ್ಟೇ ಬಂದ ಆವಿನ ಹೊತ್ಕೊಂಡು ಹೋಗ್ತಿದ್ರೆ ಅದು 3.17 ಮುಟ್ಟೋದೇ ಇಲ್ಲ, ಹಾಗಾಗಿ ಪೂರ್ತಿ ಒಣಗತ್ತೆ. ಮಳೆಗಾಲದಲ್ಲಿ ಮಲೆನಾಡಲ್ಲಿ ತೇವಾಂಶ 100ರ ಹತ್ತಿರ ಇದ್ದಾಗ ಚುಕ್ಕೆ ಗೆರೆಗೆ ತಾಗಿಕೊಂಡೇ ಇರತ್ತೆ, ಬಟ್ಟೆ ಮೂರು ದಿನ ಆದ್ರೂ ಹಸಿ ಹಸಿ.

ಗಾಳಿ ಮೇಲಿಂದ ಒತ್ತೋದ್ರಿಂದ ಆ 3.17 ಬದಲಾಗಲ್ವಾ ಅಂತ ಕೇಳಬಹುದು. ಬದಲಾಗತ್ತೆ, ಆದ್ರೆ ಶೇಕಡ 1ಕ್ಕಿಂತ ಕಡಿಮೆ, ಬಿಟ್ಟುಬಿಡಬಹುದು.

ಅದೇ 1.9ರ ಎತ್ತರದಲ್ಲಿ ಈಗ ಚುಕ್ಕೇನ ಎಡಕ್ಕೆ ಸರಿಸಿ, ಅಂದ್ರೆ ಗಾಳೀನ ತಣ್ಣಗೆ ಮಾಡಿ. ಸುಮಾರು 16.7 ಡಿಗ್ರಿಗೆ ಗೆರೆ ಮುಟ್ಟತ್ತೆ. ಫ್ರಿಜ್‌ನಿಂದ ತೆಗೆದ ಬಾಟಲಿ 16.7ಕ್ಕಿಂತ ತಣ್ಣಗಿದ್ರೆ ಹೊರಮೈ ಮೇಲೆ ಹನಿ ಕಟ್ಟತ್ತೆ, ಇಲ್ಲಾಂದ್ರೆ ಇಲ್ಲ. ಹವಾಮಾನದವರು ಹೇಳೋ ಇಬ್ಬನಿ ಬಿಂದು ಇದೇ.

ಹಾಗಾದ್ರೆ ಒಟ್ಟು ಒತ್ತಡ ಯಾವಾಗ ಹಾಕ್ಬೇಕು? ಕುದಿಯೋ ಪ್ರಶ್ನೆಗೆ. ಕುದಿಯೋದು ಅಂದ್ರೆ ನೀರಿನ *ಒಳಗೆ* ಗುಳ್ಳೆ ಹುಟ್ಟೋದು, ಆ ಗುಳ್ಳೆಯೊಳಗೆ ಇರೋದು ಬರೀ ಆವಿ, ಅದು ಹೊರಗಿನ ಪೂರ್ತಿ 101ನ್ನ ತಡೆದು ನಿಲ್ಲಬೇಕು, ಅದಕ್ಕೆ 100 ಡಿಗ್ರಿ ಬೇಕು. ಮೇಲ್ಮೈಯಿಂದ ಆವಿಯಾಗಿ ಹೋಗೋಕೆ ಗುಳ್ಳೆ ಬೇಕಿಲ್ಲ, ಅಲ್ಲಿ ಸುತ್ತಲಿನ ಆವಿಯ ಪಾಲು ಎಷ್ಟು ಅನ್ನೋದಷ್ಟೇ ಲೆಕ್ಕ.

ರೂಮ್ ಟೆಂಪರೇಚರ್ ನೀರನ್ನ ವ್ಯಾಕ್ಯೂಮ್ ಜಾರ್‌ನಲ್ಲಿಟ್ರೆ ಕುದೀತಾ ಕುದೀತಾ ಐಸ್ ಆಗತ್ತಂತೆ, ನಿಜಾನಾ?

ನಿಜ, ಮತ್ತೆ ಇಡೀ ಚಿತ್ರವನ್ನ ಒಂದೇ ಪ್ರಯೋಗದಲ್ಲಿ ನೋಡೋಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. 25 ಡಿಗ್ರಿ ನೀರು, ಜೊತೆಗೊಂದು ಥರ್ಮಾಮೀಟರ್, ಒಟ್ಟು ಒತ್ತಡವನ್ನೇ ತೋರ್ಸೋ ಪ್ರೆಶರ್ ಗೇಜ್. ಪಂಪ್ ಆನ್ ಮಾಡಿದಾಗ ಚುಕ್ಕೆ 25 ಡಿಗ್ರಿಯಲ್ಲೇ ನೇರ ಕೆಳಗೆ ಇಳಿಯತ್ತೆ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಕಾಣತ್ತೆ, ಅದು ಇನ್ನೂ ಕುದಿಯೋದಲ್ಲ, ಕರಗಿದ್ದ ಗಾಳಿ ಹೊರಗೆ ಬರ್ತಿರೋದು. ಹೇಗೆ ಗೊತ್ತಾಗತ್ತೆ ಅಂದ್ರೆ ಗೇಜ್ ಇನ್ನೂ 3.2 ಕಿಲೋಪಾಸ್ಕಲ್‌ಗಿಂತ ತುಂಬಾ ಮೇಲಿರತ್ತೆ, ಥರ್ಮಾಮೀಟರ್ ಬಹುತೇಕ ಅಲ್ಲೇ ನಿಂತಿರತ್ತೆ.

3.17 ಹತ್ತಿರ ಬಂದಾಗ ದೊಡ್ಡ ಗುಳ್ಳೆಗಳು ಜೋರಾಗಿ ಎದ್ದು ಕುದಿಯೋಕೆ ಶುರು. ಇನ್ಮೇಲೆ ಚುಕ್ಕೆ ನೇರ ಕೆಳಗೆ ಹೋಗಲ್ಲ. ಕುದಿಯೋಕೆ ಬೇಕಾದ ಶಾಖ ಹೊರಗಿಂದ ಬರ್ತಿಲ್ಲ, ನೀರು ತನ್ನಿಂದಲೇ ಕೊಡಬೇಕು, ಹಾಗಾಗಿ ತಣ್ಣಗಾಗತ್ತೆ, ತಣ್ಣಗಾದಷ್ಟೂ ಕುದಿಯೋಕೆ ಇನ್ನೂ ಕಡಿಮೆ ಒತ್ತಡ ಬೇಕು, ಪಂಪ್ ಅದನ್ನೂ ಕೊಡತ್ತೆ, ಹೀಗೆ ಚುಕ್ಕೆ ಕುದಿಯೋ ಗೆರೆಯ ಮೇಲೇ ಎಡಕ್ಕೆ ಕೆಳಕ್ಕೆ ಜಾರ್ತಾ ಹೋಗತ್ತೆ. 20 ಡಿಗ್ರಿ ಆದಾಗ ಗೇಜ್ 2.3 ತೋರಿಸ್ಬೇಕು, 10 ಡಿಗ್ರಿಗೆ 1.2, 0 ಹತ್ತಿರ ಬಂದಾಗ 0.61. ಅಲ್ಲಿ ನಿಂತು ಐಸ್ ಕಟ್ಟತ್ತೆ, ಅದೇ ಹೊತ್ತಿಗೆ ಕೆಳಗಿಂದ ಗುಳ್ಳೆ ಒಡೀತಾನೂ ಇರತ್ತೆ. ಪೂರ್ತಿ ಐಸ್ ಆದಮೇಲೂ ಪಂಪ್ ಓಡ್ತಾ ಇದ್ರೆ ಚುಕ್ಕೆ ಸಬ್ಲಿಮೇಶನ್ ಗೆರೆ ಹಿಡಿದು ಇನ್ನೂ ಕೆಳಗೆ ಹೋಗತ್ತೆ.

ಎಷ್ಟು ನೀರು ಆವಿಯಾಗಿ ಹೋಗತ್ತೆ? 100 ಗ್ರಾಂ ಇಟ್ಟಿದ್ದೀವಿ ಅನ್ನಿ. 25ರಿಂದ 0ಗೆ ತರೋಕೆ ಸುಮಾರು 10.5 ಕಿಲೋಜೂಲ್ ತೆಗೀಬೇಕು, ಒಂದು ಗ್ರಾಂ ಆವಿಯಾದ್ರೆ ಹತ್ತಿರ 2.5 ಕಿಲೋಜೂಲ್ ಹೊತ್ಕೊಂಡು ಹೋಗತ್ತೆ, ಅಂದ್ರೆ ಸುಮಾರು 4 ಗ್ರಾಂ. ಉಳಿದಿದ್ದು ಐಸ್ ಆಗೋಕೆ ಗ್ರಾಂಗೆ 0.334 ಕಿಲೋಜೂಲ್ ತೆಗೀಬೇಕು, ಅದಕ್ಕೆ ಇನ್ನೊಂದು 11 ಗ್ರಾಂ. ಹೊರಗಿಂದ ಶಾಖ ಬಂದಿಲ್ಲ ಅಂದ್ರೆ ಕೊನೆಗೆ ಸುಮಾರು 85 ಗ್ರಾಂ ಐಸ್ ಉಳಿಯತ್ತೆ.

ನಮ್ಮ ಲ್ಯಾಬ್‌ನಲ್ಲಿ ಮಾಡಿದ್ವಿ, ಕುದೀತು ಆದ್ರೆ ಐಸ್ ಆಗ್ಲಿಲ್ಲ. ಯಾಕೆ?

ಗೇಜ್ ಎಲ್ಲಿ ನಿಂತು ಅನ್ನೋದೇ ಉತ್ತರ ಹೇಳತ್ತೆ. 1.2 ಕಿಲೋಪಾಸ್ಕಲ್ ಹತ್ತಿರ ನಿಂತುಬಿಟ್ಟಿದ್ರೆ ನೀರು 10 ಡಿಗ್ರಿಯಲ್ಲೇ ಸಿಕ್ಕಿಹಾಕ್ಕೊಂಡಿದೆ, ಅಂದ್ರೆ ನೀರಿಂದ ಬರ್ತಿರೋ ಆವಿ ಮತ್ತೆ ಲೀಕ್ ಆಗಿ ಬರ್ತಿರೋ ಗಾಳಿ ಎರಡನ್ನೂ ಎಳೆಯೋಷ್ಟು ಶಕ್ತಿ ಪಂಪ್‌ಗಿಲ್ಲ. 0 ಡಿಗ್ರಿ ಹತ್ತಿರ 611 ಪಾಸ್ಕಲ್‌ನಲ್ಲಿ ಒಂದೇ ಒಂದು ಗ್ರಾಂ ಆವಿ 200 ಲೀಟರ್‌ಗಿಂತ ಜಾಸ್ತಿ ಜಾಗ ತಗೊಳ್ಳತ್ತೆ. ಮೇಲಿನ ಲೆಕ್ಕದ 11 ಗ್ರಾಂ ಅಂದ್ರೆ 2000 ಲೀಟರ್ ದಾಟಿತು, ಸಣ್ಣ ಪಂಪ್ ಅದನ್ನ ಎಳೆಯೋಷ್ಟರಲ್ಲಿ ಜಾರ್‌ನ ತಳದಿಂದ, ಗೋಡೆಯಿಂದ ಶಾಖ ಬಂದು ನೀರನ್ನ ಮತ್ತೆ ಬಿಸಿ ಮಾಡ್ತಿರತ್ತೆ. ಅದಕ್ಕೆ 100 ಗ್ರಾಂ ಬೇಡ, ಹತ್ತು ಗ್ರಾಂ ಸಾಕು, ಅಗಲವಾದ ಸಣ್ಣ ತಟ್ಟೇಲಿ ಹಾಕಿ ಕೆಳಗೆ ಥರ್ಮೋಕೋಲ್ ಇಡಿ. ಆಯಿಲ್ ಪಂಪ್ ಆದ್ರೆ ಆವಿ ಹೋಗಿ ಆಯಿಲ್‌ನಲ್ಲಿ ಸೇರಿಕೊಂಡು ಪಂಪ್‌ನ ವ್ಯಾಕ್ಯೂಮ್ ಹಾಳಾಗತ್ತೆ, ಮಧ್ಯದಲ್ಲಿ ಆವಿ ಹಿಡಿಯೋ ತಣ್ಣನೆಯ ಟ್ರ್ಯಾಪ್ ಇದ್ರೆ ಒಳ್ಳೇದು.

ಎಡಿನ್‌ಬರೋದಲ್ಲಿ ಜಾನ್ ಲೆಸ್ಲಿ 1810ರಲ್ಲಿ ಈ ತೊಂದರೇನ ಬಹಳ ಚೆನ್ನಾಗಿ ಬಗೆಹರಿಸಿದ್ದ, ಜಾರ್ ಒಳಗೇ ಇನ್ನೊಂದು ಪಾತ್ರೇಲಿ ಸಲ್ಫ್ಯೂರಿಕ್ ಆಸಿಡ್ ಇಟ್ಟ. ಆವಿಯನ್ನ ಆಸಿಡ್ ಹೀರ್ಕೊಳ್ಳತ್ತೆ, ಪಂಪ್ ಬರೀ ಗಾಳೀನ ತೆಗೆದ್ರೆ ಸಾಕು. ನೀರು ಐಸ್ ಆಯ್ತು.

ಫ್ರೀಜರ್‌ನಲ್ಲಿಟ್ಟ ಐಸ್ ಕ್ಯೂಬ್ ವಾರಗಳಲ್ಲಿ ಸಣ್ಣ ಆಗತ್ತೆ, ಕರಗಿಲ್ಲ, ಎಲ್ಲಿ ಹೋಯ್ತು?

ಬಟ್ಟೆ ಲೆಕ್ಕವೇ, ಗೆರೆ ಮಾತ್ರ ಬೇರೆ. -18 ಡಿಗ್ರಿಗೆ ಸಬ್ಲಿಮೇಶನ್ ಗೆರೆಯ ಎತ್ತರ 125 ಪಾಸ್ಕಲ್. ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ತಣ್ಣಗೆ ಮಾಡೋ ಕಾಯಿಲ್ ಇನ್ನೂ ತಣ್ಣಗಿರತ್ತೆ, -25 ಅಂದುಕೊಂಡ್ರೆ ಅಲ್ಲಿ ಗೆರೆಯ ಎತ್ತರ 63 ಪಾಸ್ಕಲ್, ಅದರ ಮೇಲೆ ಹಾದು ಬಂದ ಗಾಳಿಯಲ್ಲಿ ಆವಿಯ ಪಾಲು 63ಕ್ಕಿಂತ ಜಾಸ್ತಿ ಉಳಿಯಲ್ಲ. ಹಾಗಾಗಿ ಕ್ಯೂಬ್ ಸುತ್ತಲಿನ ಚುಕ್ಕೆ -18 ಡಿಗ್ರಿ, 63 ಪಾಸ್ಕಲ್, ಆವಿ ಜಾಗದಲ್ಲಿದೆ, ಐಸ್ ನಿಧಾನಕ್ಕೆ ಆವಿಯಾಗಿ ಹೋಗಿ ಕಾಯಿಲ್ ಮೇಲೆ ಹಿಮವಾಗಿ ಕೂತ್ಕೊಳ್ಳತ್ತೆ.

ಫ್ರೀಜ್ ಡ್ರೈ ಮಾಡಿದ ಇನ್‌ಸ್ಟಂಟ್ ಕಾಫಿ ಮಾಡೋದೂ ಹೀಗೇ, ಬೇಕು ಅಂತಲೇ, ಗಾಳಿ ತೆಗೆದು ವೇಗವಾಗಿ. -30ರ ಐಸ್‌ಗೆ ಗೆರೆ 38 ಪಾಸ್ಕಲ್‌ನಲ್ಲಿದೆ, -50ರ ಕಂಡೆನ್ಸರ್ ಮೇಲೆ ಸುಮಾರು 4, ಆ ವ್ಯತ್ಯಾಸವೇ ಆವಿಯನ್ನ ಎಳೆಯೋದು.

ಐಸ್ ಮತ್ತು ನೀರಿನ ಮಧ್ಯದ ಗೆರೆ ಎಡಕ್ಕೆ ವಾಲಿರೋದು ಯಾಕೆ? ಸ್ಕೇಟಿಂಗ್ ಮಾಡೋವಾಗ ಐಸ್ ಒತ್ತಡಕ್ಕೆ ಕರಗತ್ತೆ ಅಂತಾರಲ್ಲ?

ಐಸ್ ನೀರಿಗಿಂತ ಜಾಸ್ತಿ ಜಾಗ ತಗೊಳ್ಳತ್ತೆ, ಒತ್ತಿದ್ರೆ ಕಡಿಮೆ ಜಾಗದ ರೂಪಕ್ಕೆ, ಅಂದ್ರೆ ನೀರಿಗೆ ಅನುಕೂಲ. ಹಾಗಾಗಿ ಒತ್ತಡ ಏರಿದಾಗ ಕರಗೋ ಬಿಂದು ಇಳಿಯತ್ತೆ. ಜೇಮ್ಸ್ ಥಾಮ್ಸನ್ 1849ರಲ್ಲಿ ಇದನ್ನ ಲೆಕ್ಕದಿಂದಲೇ ಹೇಳಿದ್ರು, ಮುಂದೆ ಲಾರ್ಡ್ ಕೆಲ್ವಿನ್ ಆದ ತಮ್ಮ ವಿಲಿಯಂ 1850ರಲ್ಲಿ ಅಳತೆ ಮಾಡಿ ಖಚಿತ ಮಾಡಿದ್ರು.

ಆದ್ರೆ ಪುಸ್ತಕದ ಚಿತ್ರದಲ್ಲಿ ಈ ವಾಲಿಕೆಯನ್ನ ತುಂಬಾ ದೊಡ್ಡದಾಗಿ ತೋರಿಸ್ತಾರೆ. ನಿಜವಾಗಿ ಒಂದು ಡಿಗ್ರಿ ಇಳಿಸೋಕೆ ಸುಮಾರು 13.5 ಮೆಗಾಪಾಸ್ಕಲ್ ಬೇಕು, ವಾತಾವರಣದ ನೂರಮೂವತ್ತು ಪಟ್ಟಿಗಿಂತ ಜಾಸ್ತಿ. 60 ಕೆಜಿ ತೂಕದವರು ಒಂದು ಚದರ ಸೆಂಟಿಮೀಟರ್ ಬ್ಲೇಡ್ ಮೇಲೆ ನಿಂತ್ರೆ ಸುಮಾರು 6 ಮೆಗಾಪಾಸ್ಕಲ್, ಕರಗೋ ಬಿಂದು ಇಳಿಯೋದು ಅರ್ಧ ಡಿಗ್ರಿಗಿಂತ ಕಡಿಮೆ. -5 ಡಿಗ್ರಿ ಐಸ್ ಮೇಲೆ ಅದು ಸಾಲಲ್ಲ. ಜಾರೋದಕ್ಕೆ ಉಜ್ಜಾಟದ ಬಿಸಿ ಮತ್ತೆ ಐಸ್ ಮೇಲ್ಮೈಯಲ್ಲಿ ಸಹಜವಾಗೇ ಇರೋ ಸಡಿಲವಾದ ತೆಳು ಪದರ ಕಾರಣ. ಈ ಎಡವಾಲು ಕೂಡ ಕೊನೆವರೆಗೂ ಹೋಗಲ್ಲ, ಸುಮಾರು 210 ಮೆಗಾಪಾಸ್ಕಲ್, -22 ಡಿಗ್ರಿ ಹತ್ತಿರ ನೀರಿಗಿಂತ ಸಾಂದ್ರವಾದ ಬೇರೆ ಜಾತಿ ಐಸ್ ಶುರುವಾಗಿ ಗೆರೆ ಬಲಕ್ಕೆ ತಿರುಗತ್ತೆ.

ಕುದಿಯೋ ಗೆರೆ ಬಲತುದಿಯಲ್ಲಿ ಸುಮ್ನೆ ನಿಂತುಬಿಡತ್ತಲ್ಲ, ಅಲ್ಲೇನಾಗತ್ತೆ?

374 ಡಿಗ್ರಿ, 22.06 ಮೆಗಾಪಾಸ್ಕಲ್, ಅದು ಕ್ರಿಟಿಕಲ್ ಪಾಯಿಂಟ್. ಗೆರೆ ಹಿಡ್ಕೊಂಡು ಮೇಲೆ ಹೋದ ಹಾಗೆ ನೀರು ಹಿಗ್ಗಿ ಹಗುರ ಆಗತ್ತೆ, ಆವಿ ಒತ್ತಡಕ್ಕೆ ಭಾರ ಆಗತ್ತೆ, ಈ ಬಿಂದುವಿನಲ್ಲಿ ಎರಡರ ಸಾಂದ್ರತೆ ಒಂದೇ ಆಗಿ ನಡುವಿನ ಮೇಲ್ಮೈ ಕಾಣೆಯಾಗತ್ತೆ. ಅದರಾಚೆ ನೀರಾ ಆವಿನಾ ಅಂತ ಕೇಳೋದಕ್ಕೇ ಅರ್ಥ ಇಲ್ಲ. ರಾಯಚೂರಿನ ಯರಮರಸ್, ವಿಜಯಪುರದ ಕೂಡಗಿ ವಿದ್ಯುತ್ ಸ್ಥಾವರಗಳ ಬಾಯ್ಲರ್ ಈ ಒತ್ತಡದ ಮೇಲೆ ಕೆಲಸ ಮಾಡೋ ಸೂಪರ್‌ಕ್ರಿಟಿಕಲ್ ಜಾತಿಯವು, ಅಲ್ಲಿ ಪೈಪ್ ಒಳಗೆ ಕುದಿಯೋದು ಅನ್ನೋ ಘಟ್ಟವೇ ಇರಲ್ಲ, ಹಾಗಾಗಿ ನೀರು ಮತ್ತು ಆವಿ ಬೇರೆ ಮಾಡೋ ಡ್ರಮ್ಮೂ ಬೇಕಾಗಲ್ಲ.

ಚುಕ್ಕೆ ಐಸ್ ಜಾಗದಲ್ಲಿದೆ, ಆದ್ರೂ ನೀರು ನೀರಾಗೇ ಇದೆ. ಚಿತ್ರ ತಪ್ಪಾ?

ಚಿತ್ರ ಹೇಳೋದು ಕೊನೆಗೆ ಯಾವ ರೂಪ ನಿಲ್ಲತ್ತೆ ಅಂತ, ಎಷ್ಟು ಹೊತ್ತಿಗೆ ಅಂತಲ್ಲ. ಐಸ್ ಕಟ್ಟೋಕೆ ಮೊದಲ ಹರಳು ಹುಟ್ಟಬೇಕು, ಧೂಳು ಗೀರು ಏನೂ ಇಲ್ಲದ ಶುದ್ಧ ನೀರಲ್ಲಿ ಅದು ಸುಲಭಕ್ಕೆ ಹುಟ್ಟಲ್ಲ. ಮೋಡದ ಸಣ್ಣ ಹನಿಗಳು -38 ಡಿಗ್ರಿ ಹತ್ತಿರದವರೆಗೂ ದ್ರವವಾಗೇ ಇರಬಲ್ಲವು. ಅಲ್ಲಾಡಿಸಿದ್ರೆ, ಒಂದು ಚೂರು ಐಸ್ ಹಾಕಿದ್ರೆ ತಕ್ಷಣ ಕಟ್ಟಿಕೊಂಡು 0 ಡಿಗ್ರಿ ಕಡೆಗೆ ಟೆಂಪರೇಚರ್ ಏರತ್ತೆ, ಹಾಗಾದ್ರೆ ಅದು ಸೂಪರ್‌ಕೂಲ್ ಆಗಿದ್ದ ನೀರು ಅಂತ ಖಚಿತ. ಉಪ್ಪು ಸಕ್ಕರೆ ಬೆರೆತಿದ್ರೆ ಮಾತ್ರ ಕಥೆ ಬೇರೆ, ಆಗ ಗೆರೆಗಳೇ ಜರುಗತ್ತೆ, ಈ ಚಿತ್ರ ಹಾಗೇ ಬಳಸೋಕೆ ಬರಲ್ಲ.

ಮಂಗಳ ಗ್ರಹದಲ್ಲಿ ನೀರು ಇರಬಹುದಾ ಅಂತ ಈ ಚಿತ್ರದಿಂದ ಹೇಳೋಕಾಗತ್ತಾ?

ಆಗತ್ತೆ, ಎರಡೂ ಒತ್ತಡ ಬಳಸಿದ್ರೆ. ಅಲ್ಲಿನ ನೆಲದ ಮೇಲೆ ಒಟ್ಟು ಒತ್ತಡ ಸರಾಸರಿ 600 ಪಾಸ್ಕಲ್ ಆಸುಪಾಸು, ಟ್ರಿಪಲ್ ಪಾಯಿಂಟ್ ಎತ್ತರಕ್ಕೇ ಸಮ. ಎತ್ತರದ ಜಾಗಗಳಲ್ಲಿ ಅದಕ್ಕಿಂತ ಕಡಿಮೆ, ಅಲ್ಲಿ ದ್ರವದ ಮಾತೇ ಇಲ್ಲ. ತುಂಬಾ ಆಳದ ಹೆಲ್ಲಾಸ್ ಕುಳಿಯ ತಳದಲ್ಲಿ ಒತ್ತಡ 1.1 ಕಿಲೋಪಾಸ್ಕಲ್ ದಾಟತ್ತೆ, ಅಡ್ಡ ಗೆರೆ ಎಳೆದ್ರೆ 0ರಿಂದ ಸುಮಾರು 9 ಡಿಗ್ರಿವರೆಗೆ ನೀರು ಕುದಿಯದೆ ಇರಬಹುದು. ಇದು ಒಟ್ಟು ಒತ್ತಡದ ಓದು.

ಆದ್ರೆ ಆ ಗಾಳಿಯಲ್ಲಿ ಹೆಚ್ಚಿನ ಪಾಲು ಕಾರ್ಬನ್ ಡೈಆಕ್ಸೈಡ್, ನೀರಾವಿ ಪಾಲು ತುಂಬಾ ತುಂಬಾ ಕಡಿಮೆ. 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ಉತ್ತರ ಧ್ರುವದ ಕಡೆ ನೆಲ ಕೆರೆದಾಗ ಬಿಳಿ ಚೂರುಗಳು ಕಂಡವು, ನಾಲ್ಕು ದಿನದಲ್ಲಿ ಅವು ಮಾಯ. ಒಟ್ಟು ಒತ್ತಡ ಹಾಕಿ ಓದಿದ್ರೆ ಚುಕ್ಕೆ ಐಸ್ ಜಾಗದಲ್ಲಿ ಬೀಳತ್ತೆ, ಚೂರು ಅಲ್ಲೇ ಇರಬೇಕಿತ್ತು. ಆವಿಯ ಪಾಲು ಹಾಕಿ ಓದಿದ್ರೆ ಚುಕ್ಕೆ ಸಬ್ಲಿಮೇಶನ್ ಗೆರೆಯ ಎಷ್ಟೋ ಕೆಳಗೆ. ಕರಗದೆ ಮಾಯ ಆಗಿದ್ದೇ ಅದು ಉಪ್ಪಲ್ಲ, ಐಸ್ ಅಂತ ವಿಜ್ಞಾನಿಗಳಿಗೆ ಗೊತ್ತಾಗೋಕೆ ಆಧಾರ ಆಯ್ತು.

ಚಿತ್ರದಲ್ಲಿ ಕಣ್ಣಳತೆ ಸರಿ ಬರಲ್ಲ, ಗೆರೆಯ ಎತ್ತರ ಲೆಕ್ಕದಿಂದ ತೆಗೆಯೋಕೆ ಸುಲಭ ದಾರಿ ಇದ್ಯಾ?

ಮ್ಯಾಗ್ನಸ್ ಸೂತ್ರ ಇದೆ, ಕ್ಯಾಲ್ಕ್ಯುಲೇಟರ್ ಸಾಕು. `t` ಅಂದ್ರೆ ಸೆಲ್ಸಿಯಸ್‌ನಲ್ಲಿ ಟೆಂಪರೇಚರ್, ಉತ್ತರ ಪಾಸ್ಕಲ್‌ನಲ್ಲಿ. ಮೊದಲನೇದು ನೀರಿನ ಗೆರೆಗೆ, ಎರಡನೇದು 0ಗಿಂತ ಕೆಳಗೆ ಐಸ್ ಗೆರೆಗೆ:

```
p = 611.2 * exp(17.62 * t / (243.12 + t))
p = 611.2 * exp(22.46 * t / (272.62 + t))
```

25 ಹಾಕಿದ್ರೆ ಮೊದಲನೇದು ಸುಮಾರು 3160 ಕೊಡತ್ತೆ, -18 ಹಾಕಿದ್ರೆ ಎರಡನೇದು 125. ನಿಮ್ಮ ಆವಿಯ ಒತ್ತಡ ಈ ಅಂಕಿಗಿಂತ ಕಡಿಮೆ ಇದ್ರೆ ಚುಕ್ಕೆ ಆವಿ ಜಾಗದಲ್ಲಿ, ಜಾಸ್ತಿ ಇದ್ರೆ ನೀರು ಅಥವಾ ಐಸ್ ಕಟ್ಟತ್ತೆ. ಮೊದಲನೇ ಸೂತ್ರ 60 ಡಿಗ್ರಿವರೆಗೆ ನಂಬಬಹುದು, ಅದರ ಮೇಲೆ ಕುಕ್ಕರ್ ಬಾಯ್ಲರ್ ಲೆಕ್ಕಕ್ಕೆ ಸ್ಟೀಮ್ ಟೇಬಲ್ ನೋಡಿ.